ಸೆಂಟರಿಂಗ್ ಪ್ರೇಯರ್‌ನಲ್ಲಿ ಪದವನ್ನು ಯಾವಾಗ ಹೇಳಬೇಕು, ಯಾವಾಗ ಬಿಡಬೇಕು?

ಪ್ರಶ್ನೆ: ಸೆಂಟರಿಂಗ್ ಪ್ರೇಯರ್ ಶುರು ಮಾಡಿದ್ದೇನೆ. 20 ನಿಮಿಷ ಕಣ್ಣು ಮುಚ್ಚಿ ಮನಸ್ಸಲ್ಲೇ 'ಯೇಸು, ಯೇಸು' ಅಂತ ಹೇಳ್ತಾನೇ ಇರಬೇಕಾ? ಎರಡು ನಿಮಿಷಕ್ಕೇ ಮನಸ್ಸು ಎಲ್ಲೋ ಹೋಗಿಬಿಡುತ್ತೆ. ನಾನು ತಪ್ಪು ಮಾಡ್ತಿದ್ದೀನಾ?

ಹೇಳುತ್ತಲೇ ಇರಬೇಕಾಗಿಲ್ಲ. ಜಪಸರ ಹಿಡಿದು ಬೆಳೆದ ನಮ್ಮಂಥವರಿಗೆ ಪದ ಅಂದಕೂಡಲೇ ಎಣಿಸೋದು ನೆನಪಾಗುತ್ತದೆ. ಸೆಂಟರಿಂಗ್ ಪ್ರೇಯರ್ ಅಂದರೆ ದೇವರ ಸನ್ನಿಧಿಯಲ್ಲಿ ಮೌನವಾಗಿ ಕೂರುವ ಕ್ರೈಸ್ತ ಪ್ರಾರ್ಥನೆ, ಇಲ್ಲಿ ಹಾಗಲ್ಲ. ಆರಂಭದಲ್ಲಿ ಒಮ್ಮೆ ಪದವನ್ನು ಮೆಲ್ಲಗೆ ಮನಸ್ಸಿಗೆ ತಂದುಕೊಳ್ಳುತ್ತೇವೆ. ಆಮೇಲೆ ಅದು ತಾನಾಗಿ ಮರೆಯಾದರೆ ಆಗಲಿ. ಯಾವುದೋ ಯೋಚನೆಯ ಹಿಂದೆ ಹೋಗಿದ್ದೇವೆ ಅಂತ ಗೊತ್ತಾದಾಗ ಮಾತ್ರ ಮತ್ತೆ ಅದಕ್ಕೆ ಮರಳುತ್ತೇವೆ.

ನೀವು ಹೇಳಿದ ಹಾಗೆ ಪದವನ್ನು ಬಿಡದೆ ಹೇಳುವ ಕ್ರಮವೂ ಕ್ರೈಸ್ತರಲ್ಲಿದೆ. ಬೆನೆಡಿಕ್ಟೈನ್ ಸನ್ಯಾಸಿ ಜಾನ್ ಮೇನ್ 'ಮಾರನಾಥ' ಪದವನ್ನು ಮೊದಲಿನಿಂದ ಕೊನೆಯವರೆಗೂ ಹೇಳಿ ಅಂತ ಕಲಿಸಿದರು. ಅದು ಬೇರೆ ದಾರಿ. ಎರಡನ್ನೂ ಕಲಸಿಕೊಂಡು ಒದ್ದಾಡುವವರೇ ಜಾಸ್ತಿ.

ಸೆಂಟರಿಂಗ್ ಪ್ರೇಯರ್ ರೂಪುಗೊಂಡಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪೆನ್ಸರ್ ಊರಿನ, ಟ್ರ್ಯಾಪಿಸ್ಟ್ ಅನ್ನುವ ಕ್ಯಾಥೊಲಿಕ್ ಸನ್ಯಾಸಿಗಳ ಮಠದಲ್ಲಿ. 14ನೇ ಶತಮಾನದ ಇಂಗ್ಲಿಷ್ ಪುಸ್ತಕ 'ದ ಕ್ಲೌಡ್ ಆಫ್ ಅನ್‌ನೋಯಿಂಗ್' ಓದಿದ ಫಾದರ್ ವಿಲಿಯಂ ಮೆನಿಂಜರ್, 1970ರ ದಶಕದ ಮಧ್ಯದಲ್ಲಿ ಅಲ್ಲಿಗೆ ಬರುತ್ತಿದ್ದವರಿಗೆ ಇದನ್ನು ಕಲಿಸತೊಡಗಿದರು. ಆಗ ಮಠಾಧಿಪತಿಯಾಗಿದ್ದ ಥಾಮಸ್ ಕೀಟಿಂಗ್ ಮತ್ತು ಅದೇ ಮಠದ ಸನ್ಯಾಸಿ ಬೇಸಿಲ್ ಪೆನ್ನಿಂಗ್ಟನ್ ಅದನ್ನು ಬೆಳೆಸಿ ಹರಡಿದರು. ಒಂದು ತಮಾಷೆ ನೋಡಿ. ಹೆಸರಿಲ್ಲದ ಲೇಖಕರ ಆ ಹಳೇ ಪುಸ್ತಕ, ಪದದಿಂದ ಯೋಚನೆಗಳನ್ನು ಹೊಡೆದು ಕೆಳಗೆ ಹಾಕು ಅನ್ನುತ್ತದೆ. ಕೀಟಿಂಗ್ ಅವರದು ಇದಕ್ಕೆ ತದ್ವಿರುದ್ಧ: ಆದಷ್ಟೂ ಮೆತ್ತಗೆ ಮರಳಿ, ಜಗಳ ಬೇಡ. ನನ್ನ ಅನುಭವದಲ್ಲಿ ಈ ಮೆತ್ತಗಿನ ದಾರಿಯೇ ನಡೆಯುತ್ತದೆ. ಹೊಡೆಯಲು ಹೋದರೆ ಹೊಡೆಯೋದೇ ಒಂದು ಕೆಲಸವಾಗಿಬಿಡುತ್ತದೆ.

ಒಂದು ಬೆಳಗ್ಗೆ ಹೇಗಿರುತ್ತದೆ ಅಂತ ಹೇಳುತ್ತೇನೆ. ನನ್ನ ಪದ 'ಅಪ್ಪಾ'. ಬೆನ್ನು ನೆಟ್ಟಗಿಟ್ಟು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಆ ಪದವನ್ನು ತಂದುಕೊಳ್ಳುತ್ತೇನೆ. ದೇವರು ಇಲ್ಲೇ ಇದ್ದಾನೆ, ಅವನು ಏನು ಮಾಡುತ್ತಾನೋ ಮಾಡಲಿ, ನನ್ನ ಒಪ್ಪಿಗೆ ಇದೆ ಅನ್ನೋದಕ್ಕೆ ಅದೊಂದು ಗುರುತು, ಅಷ್ಟೇ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಕೂಗು ಕೇಳಿದ್ದಕ್ಕೆ ಪದ ಬೇಕಿಲ್ಲ. ಸುಮ್ನೆ ಬಂದು ಹೋಗುತ್ತದೆ. ಆದರೆ 'ಇದು ಎರಡನೆಯದಾ, ಮೂರನೆಯದಾ? ಬೇಳೆ ಜಾಸ್ತಿ ಬೆಂದರೆ?' ಅಂತ ನಾನೂ ಅಡುಗೆಮನೆಗೆ ಹೋಗಿಬಿಟ್ಟಿದ್ದರೆ, ಗೊತ್ತಾದ ಕ್ಷಣ 'ಅಪ್ಪಾ'. ಬೈದುಕೊಳ್ಳೋದಿಲ್ಲ. ಇನ್ನೊಂದು ಗಳಿಗೆಗೆ ಎಲ್ಲ ಶಾಂತವಾಗುತ್ತದೆ. ತಕ್ಷಣ 'ಆಹಾ, ಇವತ್ತು ಎಷ್ಟು ಚೆನ್ನಾಗಿ ಆಗ್ತಿದೆ' ಅನ್ನಿಸುತ್ತದೆ. ಅದೂ ಯೋಚನೆಯೇ. ಅದಕ್ಕೂ 'ಅಪ್ಪಾ'. 'ನನಗೆ ಇದು ಬರೋದಿಲ್ಲ' ಅನ್ನೋದಕ್ಕೂ ಅಷ್ಟೇ. ಮೈನೋವು, ನೆನಪು, ಚಿತ್ರ, ಕೊನೆಗೆ ದೇವರ ಬಗ್ಗೆ ಹೊಳೆದ ಒಳ್ಳೆಯ ಮಾತು, ಎಲ್ಲವನ್ನೂ ಕೀಟಿಂಗ್ 'ಯೋಚನೆ' ಅನ್ನುವ ಒಂದೇ ಬುಟ್ಟಿಗೆ ಹಾಕುತ್ತಾರೆ. ಹೊತ್ತು ಮುಗಿದಾಗ ತಟ್ಟನೆ ಏಳದೆ ಒಂದೆರಡು ನಿಮಿಷ ಕಣ್ಣು ಮುಚ್ಚಿಕೊಂಡೇ ಇರುತ್ತೇನೆ. ಸಾಮಾನ್ಯವಾಗಿ ಹೇಳಿಕೊಡೋದು ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 20 ನಿಮಿಷ.

ಹಾಗಾಗಿ ನಿಮ್ಮ ಮನಸ್ಸು ಓಡೋದು ತಪ್ಪಲ್ಲ. ಕೀಟಿಂಗ್ ಬಗ್ಗೆ ಒಂದು ಮಾತು ಪ್ರಚಲಿತ. ಒಬ್ಬ ಸಿಸ್ಟರ್, '20 ನಿಮಿಷದಲ್ಲಿ ಹತ್ತು ಸಾವಿರ ಯೋಚನೆ ಬಂತು ಫಾದರ್' ಅಂದರಂತೆ. 'ದೇವರ ಕಡೆ ಮರಳಲು ಹತ್ತು ಸಾವಿರ ಅವಕಾಶ!' ಅಂದರಂತೆ ಇವರು. ಅಂದರೆ ಅಭ್ಯಾಸ ಇರೋದೇ ಆ ಮರಳುವಿಕೆಯಲ್ಲಿ.

ತಪ್ಪಾಗೋದು ಬೇರೆ ಕಡೆ. ಪದ ಸರಿ ಇಲ್ಲವೇನೋ ಅಂತ ನಡುವೆ ಬದಲಾಯಿಸಬೇಡಿ, ಅದು ಮತ್ತೊಂದು ಯೋಚನೆ. ಪದದ ಅರ್ಥ ಬಿಡಿಸುತ್ತಾ ಕೂರಬೇಡಿ. 'ಯೇಸು' ಅಂದಕೂಡಲೇ ನಿಮಗೆ ಶಿಲುಬೆಯ ಚಿತ್ರ, ಬೈಬಲ್ ಕಥೆ ಎಲ್ಲ ಸಾಲುಗಟ್ಟಿ ಬರುತ್ತಿದ್ದರೆ, ಮುಂದಿನ ಸಲ ಕೂರುವ ಮುಂಚೆ ಇನ್ನೂ ಸರಳವಾದ ಪದ ಆರಿಸಿಕೊಳ್ಳಿ. ನಿದ್ದೆ ಬಂದರೆ ಎಚ್ಚರವಾದ ಮೇಲೆ ಮುಂದುವರಿಸಿ, ಅಷ್ಟೇ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಕೆಲವೊಮ್ಮೆ ಕಾರಣವಿಲ್ಲದೆ ಅಳು, ಹಳೇ ಸಿಟ್ಟು ಮೇಲೆ ಬರುತ್ತದೆ. ಒಳಗೆ ತುಂಬಿಟ್ಟದ್ದು ಹೊರಗೆ ಬರುತ್ತಿದೆ ಅನ್ನೋದು ಕೀಟಿಂಗ್ ವಿವರಣೆ. ಸಾಮಾನ್ಯವಾಗಿ ಅದೂ ಬಂದು ಹೋಗುತ್ತದೆ. ಆದರೆ ದೊಡ್ಡ ಆಘಾತ ಅಥವಾ ಮಾನಸಿಕ ಕಾಯಿಲೆ ಅನುಭವಿಸಿದವರು ಒಬ್ಬರೇ ದೀರ್ಘ ಹೊತ್ತು ಕೂರಬಾರದು. ಅವರು ಮೊದಲು ವೈದ್ಯರ ಜೊತೆ ಮಾತಾಡಲಿ. ಇನ್ನು ಬೈಬಲ್ ಓದು, ಜಪಸರ, ಪೂಜೆ ಯಾವುದನ್ನೂ ಇದಕ್ಕಾಗಿ ಬಿಡಬೇಕಿಲ್ಲ. ಕಲಿಸುವವರೂ ಹಾಗೆ ಹೇಳೋದಿಲ್ಲ.