ಶೀತ ಬಿಟ್ರೂ ಕಿವಿ ಬಿಡ್ತಿಲ್ವಾ? ಡ್ರಾಪ್ಸ್ ಆಮೇಲೆ, ಮೊದ್ಲು ಗುನುಗಿ ನೋಡಿ

ಪ್ರಶ್ನೆ: ಶೀತ ಕಡಿಮೆಯಾಗಿ 10 ದಿನ ಆಯ್ತು, ಎಡಗಿವಿ ಮಾತ್ರ ಇನ್ನೂ ಬಂದ್ ಆದ ಹಾಗೇ ಇದೆ. ಯಾವ ಡ್ರಾಪ್ಸ್ ಹಾಕಿದ್ರೆ ಬಿಡುತ್ತೆ? ಇಷ್ಟಕ್ಕೆಲ್ಲ ಇಎನ್‌ಟಿ ಡಾಕ್ಟ್ರ ಹತ್ರ ಹೋಗ್ಬೇಕಾ?

ಡ್ರಾಪ್ಸ್ ವಿಷಯ ಬಿಡಿ ಮಾರಾಯ್ರೆ, ನಾನೂ ಅದನ್ನೇ ಹುಡುಕ್ತಾ ಕೂತು ಬಲಗಿವಿ ಕೇಳೋದನ್ನ ಅರ್ಧ ಕಳ್ಕೊಂಡವನು.

ನಮ್ಮದು ಶಿರಸಿ ಹತ್ರ ಹಳ್ಳಿ. ಅಡಿಕೆ ಸುಲಿಯೋ ಟೈಮಲ್ಲಿ ಮನೆಯವರಿಗೆಲ್ಲ ಶೀತ ಆಗಿತ್ತು, ನನಗೂ ಬಂತು. ಎಂಟನೇ ದಿನ ಮೂಗು ಬಿಡ್ತಾ ಬಂದಿತ್ತು, ಬೆಳಿಗ್ಗೆ ಎದ್ದು ನೋಡಿದ್ರೆ ಬಲಗಿವಿ ಬಂದ್. ಹಿಂದಿನ ರಾತ್ರಿ ಸರಿ ಇತ್ತು. ಆ ದಿನ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತಾಗ ಎಡಗಡೆಯವರು ಸುಲಿಯೋ ಶಬ್ದ ಕೇಳ್ತಾ ಇತ್ತು, ಬಲಗಡೆ ಕೂತವರ ಕೈ ಓಡ್ತಾ ಇದ್ರೂ ಶಬ್ದ ಇಲ್ಲ. ಜೊತೆಗೆ ಜೀರುಂಡೆ ಕೂಗಿದ ಹಾಗೆ ಒಂದೇ ಸಮ ಸದ್ದು. ತೋಟದ ಜೀರುಂಡೆ ಅಂತ್ಲೇ ಅಂದ್ಕೊಂಡೆ, ಆದ್ರೆ ಕಿಟಕಿ ಹಾಕಿ ಮಲಗಿದ್ರೂ ಅದು ನಿಲ್ಲಲಿಲ್ಲ.

ಶೀತ ಅಲ್ವಾ, ಕಿವಿ ಕಟ್ಟೋದು ಮಾಮೂಲು ಅಂದ್ರು ಎಲ್ಲರೂ. ಆಯಿ ಬೆಳ್ಳುಳ್ಳಿ ಹಾಕಿ ಕಾಸಿದ ತೆಂಗಿನೆಣ್ಣೆ ಬಿಟ್ರು, ನಾಲ್ಕು ದಿನ. ಆಮೇಲೆ ಮೆಡಿಕಲ್ ಶಾಪಿಂದ ಡ್ರಾಪ್ಸ್ ತಂದು ಒಂದು ವಾರ. ಅಷ್ಟರಲ್ಲಿ ಕುಮಟಾದಲ್ಲಿ ನೆಂಟರ ಮದುವೆ ಇತ್ತು, ದೇವಿಮನೆ ಘಟ್ಟ ಇಳಿವಾಗ ಕಿವಿ 'ಪಟ್' ಅಂತ ಬಿಡುತ್ತೆ ಅಂತ ನನಗೇ ನಂಬಿಕೆ. ಇಳಿಯುವಾಗ ಉಗುಳು ನುಂಗ್ತಾ ಇದ್ದೆ, ಎರಡೂ ಕಿವಿ ಯಾವಾಗಲೂ ಬಿಡೋ ಹಾಗೇ ಬಿಟ್ವು. ಆದ್ರೆ ಬಲಗಿವಿ ಕೇಳಿಸೋದು ಮಾತ್ರ ಒಂಚೂರೂ ಬದಲಾಗಲಿಲ್ಲ. ನನ್ನ ತಪ್ಪು ಇಲ್ಲೇ ಇರೋದು, ಇದನ್ನೇ ಬಿಡಿಸಿ ಹೇಳ್ತೀನಿ.

ಮೂಗಿನ ಹಿಂಭಾಗದಿಂದ ಕಿವಿತಮಟೆಯ ಒಳಗಿನ ಜಾಗಕ್ಕೆ ಒಂದು ಸಣ್ಣ ಕೊಳವೆ ಇದೆ, ಯೂಸ್ಟೇಶಿಯನ್ ಟ್ಯೂಬ್ ಅಂತಾರೆ, ದೊಡ್ಡವರಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್. ನುಂಗಿದಾಗ, ಆಕಳಿಸಿದಾಗ ಅದು ಒಂದು ಕ್ಷಣ ತೆರೆದು ಒಳಗೆ ಗಾಳಿ ಬಿಡುತ್ತೆ. ಶೀತ ಅಥವಾ ಸೈನಸ್ ಇನ್ಫೆಕ್ಷನ್ ಆದ್ರೆ ಅದರ ಬಾಯಿ ಊದಿಕೊಳ್ಳುತ್ತೆ, ಒಳಗಿರೋ ಗಾಳಿಯನ್ನ ಅಲ್ಲಿನ ಪೊರೆ ಹೀರಿಕೊಳ್ತಾ ಹೋಗುತ್ತೆ, ಹೊಸ ಗಾಳಿ ಬರಲ್ಲ, ತಮಟೆ ಒಳಗೆ ಎಳೆದುಕೊಳ್ಳುತ್ತೆ, ಕೆಲವರಿಗೆ ನೀರೂ ತುಂಬುತ್ತೆ. ಕಿವಿ ಬಂದ್ ಅನ್ಸೋದು ಇದಕ್ಕೆ. ಎಲ್ಲ ನಡೆಯೋದು ತಮಟೆಯ ಒಳಗಡೆ, ನೀವು ಹೊರಗಿಂದ ಬಿಡೋ ಎಣ್ಣೆ, ಡ್ರಾಪ್ಸ್ ತಮಟೆ ದಾಟಿ ಹೋಗಲ್ಲ. ಅದಕ್ಕೇ ಡ್ರಾಪ್ಸ್ ವಿಷಯ ಬಿಡಿ ಅಂದಿದ್ದು.

ಈ ಥರದ ಕಿವಿ ನುಂಗಿದಾಗ ಚೂರು ಬಿಡುತ್ತೆ, ಮತ್ತೆ ಕಟ್ಟುತ್ತೆ, ಪಟಪಟ ಅನ್ನುತ್ತೆ, ನಮ್ಮ ದನಿ ನಮಗೇ ಕೊಡದೊಳಗೆ ಮಾತಾಡಿದ ಹಾಗೆ ಕೇಳುತ್ತೆ. ನನಗೆ ಇದ್ಯಾವುದೂ ಇರಲಿಲ್ಲ. ರಾತ್ರಿ ಬೆಳಗಾಗೋದ್ರೊಳಗೆ ಬಂದದ್ದು, ಒಂದೇ ಸಮ ಸದ್ದು, ಫೋನ್ ಆ ಕಿವಿಗಿಟ್ರೆ ಮಾತು ಒಡೆದು ಕೇಳೋದು. ಘಟ್ಟದಲ್ಲಿ ಕಿವಿ ಬಿಡ್ತು ಅಂದ್ರೆ ಕೊಳವೆ ಕೆಲಸ ಮಾಡ್ತಾ ಇದೆ ಅಂತ ಅರ್ಥ, ಹಾಗಾದ್ರೆ ಕೇಳದೇ ಇರೋದಕ್ಕೆ ಕಾರಣ ಬೇರೆ ಏನೋ. ಇಷ್ಟು ನನಗೆ ಅಲ್ಲೇ ಹೊಳೀಬೇಕಿತ್ತು. ಮದುವೆ ಊಟ ಮಾಡಿ ವಾಪಸ್ ಬಂದು ಮತ್ತೆ ಡ್ರಾಪ್ಸ್ ಹಾಕ್ದೆ.

ಡಾಕ್ಟ್ರ ಹತ್ರ ಹೋಗಿದ್ದು ಕಿವಿ ಕಟ್ಟಿದ 24ನೇ ದಿನ. ಅವರು ಕಿವಿಯೊಳಗೆ ನೋಡಿದ್ರು, ತಮಟೆ ಚೆನ್ನಾಗಿದೆ, ನೀರಿಲ್ಲ. ಆಮೇಲೆ ಕಬ್ಬಿಣದ ಕವಲಿನ ಥರದ್ದು, ಟ್ಯೂನಿಂಗ್ ಫೋರ್ಕ್, ಅದನ್ನ ಬಡಿದು ಹಣೆ ಮಧ್ಯ ಇಟ್ಟು ಯಾವ ಕಡೆ ಕೇಳ್ತು ಅಂದ್ರು. ಎಡಗಡೆ ಅಂದೆ. ಅವರು ಒಂದು ನಿಮಿಷ ಸುಮ್ಮನಾಗಿ "ಮೊದಲ ವಾರವೇ ಬರಬೇಕಿತ್ತಲ್ರೀ" ಅಂದ್ರು. ತಮಟೆ ಕಡೆ ತೊಂದ್ರೆ ಇದ್ರೆ ಆ ಸದ್ದು ಬಂದ್ ಆದ ಕಿವಿಗೇ ಜೋರಾಗಿ ಹೋಗುತ್ತಂತೆ, ಒಳಕಿವಿ ಅಥವಾ ನರದ್ದಾದ್ರೆ ಚೆನ್ನಾಗಿರೋ ಕಿವಿಗೆ. ಎಷ್ಟು ಕೇಳುತ್ತೆ ಅಂತ ಅಳೆಯೋ ಆಡಿಯೋಮೆಟ್ರಿ ಮಾಡಿದ್ರು, ಬಲಗಿವಿ 60 ಡೆಸಿಬಲ್ ತನಕ ಹೋಗಿತ್ತು, ಈ ಅಂಕಿ ಏರಿದಷ್ಟೂ ಕೇಳೋದು ಕಮ್ಮಿ ಅಂತ ಲೆಕ್ಕ. ಇದಕ್ಕೆ ಹಠಾತ್ ಕಿವುಡು ಅಂತಾರೆ, ಕಾರಣ ಎಷ್ಟೋ ಸಲ ಗೊತ್ತೇ ಆಗಲ್ಲ. ಸ್ಟಿರಾಯ್ಡ್ ಮೊದಲೆರಡು ವಾರದೊಳಗೆ ಶುರು ಮಾಡಿದ್ರೆ ಉಪಯೋಗದ ಸಾಧ್ಯತೆ ಹೆಚ್ಚು, ದಿನ ಕಳೆದ ಹಾಗೆ ಕಮ್ಮಿ. ನನಗೆ ತಮಟೆ ಮೂಲಕ ಇಂಜೆಕ್ಷನ್ನೂ ಕೊಟ್ರು, ನರದ ಮೇಲೆ ಗೆಡ್ಡೆ ಇಲ್ಲ ಅಂತ ಖಾತ್ರಿಗೆ ಎಂಆರ್‌ಐ ಮಾಡಿಸಿದ್ರು, ಅದು ಸರಿ ಬಂತು. ಕೊನೆಗೆ 45ರ ತನಕ ವಾಪಸ್ ಬಂತು, ಅಲ್ಲಿಗೇ ನಿಂತ್ಕೊಂಡ್ತು. ಬೇಗ ಹೋದವರಿಗೆಲ್ಲ ಪೂರ್ತಿ ಬರುತ್ತೆ ಅಂತಲ್ಲ, ಕೆಲವರಿಗೆ ತಾನಾಗೇ ಬರೋದೂ ಇದೆ. ಆದ್ರೆ ನಾನು ಸಿಕ್ಕ ಅವಕಾಶವನ್ನ ಎಣ್ಣೆ ಬಾಟ್ಲಿ ಹಿಡ್ಕೊಂಡು ಕಳ್ದೆ, ಆ ಸಂಕಟ ಇವತ್ತಿಗೂ ಹೋಗಿಲ್ಲ.

ಈಗ ನಿಮ್ಮದು. ಇವತ್ತೇ ಮನೆಯಲ್ಲಿ ಸದ್ದಿಲ್ಲದ ಕಡೆ ಕೂತು ಬಾಯಿ ಮುಚ್ಚಿ 'ಮ್‌ಮ್‌ಮ್' ಅಂತ ಗುನುಗಿ. ಸದ್ದು ಬಂದ್ ಆದ ಎಡಗಿವಿ ಕಡೆ ಜೋರಾಗಿ ಕೇಳಿದ್ರೆ, ನುಂಗಿದಾಗ ವ್ಯತ್ಯಾಸ ಆಗ್ತಾ ಇದ್ರೆ, ಬಹುಶಃ ಕೊಳವೆದೇ ತೊಂದ್ರೆ. ಬಲಗಿವಿ ಕಡೆ ಹೋದ್ರೆ, ಅಥವಾ ಒಮ್ಮೆಲೇ ಕೇಳದೇ ಆಗಿದ್ರೆ, ಒಂದೇ ಸಮ ಸದ್ದು ಇದ್ರೆ, ತಲೆ ಗಿರ್ರ್ ಅಂತ ತಿರುಗ್ತಾ ಇದ್ರೆ ನಾಳೆ ಅಂತ ಮುಂದೂಡಬೇಡಿ, ಇವತ್ತೇ ಹೊರಡಿ. ಗುನುಗೋದು ಸುಳಿವು ಅಷ್ಟೇ, ಅನುಮಾನ ಇದ್ರೂ ತೋರಿಸಿ, ನಿಮ್ಮ 10 ದಿನ ಆಗ್ಲೇ ಹೋಗಿದೆ.

ಕೊಳವೆದ್ದೇ ಆಗಿದ್ರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಬಿಡುತ್ತೆ, ನೀರು ತುಂಬಿದ್ರೆ ಇನ್ನೂ ಹೆಚ್ಚು ದಿನ ಹಿಡೀಬಹುದು. ಅಲ್ಲಿ ತನಕ ನೋಡ್ಕೊಳ್ಳೋದು ಮೂಗನ್ನ. ಸಲೈನ್ ಸ್ಪ್ರೇ ಹಾಕಿ, ಆಗಾಗ ನುಂಗಿ, ಚ್ಯೂಯಿಂಗ್ ಗಮ್ ಜಗೀರಿ. ಮೂಗು ಬಿಡಿಸೋ ಕ್ಸೈಲೋಮೆಟಾಜೋಲಿನ್ ಥರದ ಡ್ರಾಪ್ಸ್ ಐದು ದಿನದ ಮೇಲೆ ಬೇಡ, ಬಿಟ್ಟ ಮೇಲೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತೆ. ಮೂಗು ಹಿಡಿದು ಜೋರಾಗಿ ಊದೋದಂತೂ ಬೇಡವೇ ಬೇಡ, ಮೂಗಿನ ಕೀವು ಆ ಕೊಳವೆಯಿಂದ ಕಿವಿಗೇ ಹೋಗಬಹುದು. ನೋವು, ಜ್ವರ ಬಂದ್ರೆ, ಕಿವಿ ಸೋರಿದ್ರೆ, ಕಿವಿ ಹಿಂದೆ ಊದಿಕೊಂಡ್ರೆ ವಾರ ಎಣಿಸ್ತಾ ಕೂರಬೇಡಿ. ಏನೂ ಇಲ್ದೆ ಬರೀ ಬಂದ್ ಆಗಿದ್ರೂ ಮೂರು ವಾರ ಆದ್ಮೇಲೆ ತೋರಿಸ್ಲೇಬೇಕು. ದೊಡ್ಡವರಿಗೆ ಒಂದೇ ಕಿವಿಯಲ್ಲಿ ನೀರು ನಿಂತು ಹೋಗ್ತಾ ಇಲ್ಲ ಅಂದ್ರೆ ಮೂಗಿನ ಹಿಂದೆ ಗೆಡ್ಡೆ ಏನಾದ್ರೂ ಕೊಳವೆ ಬಾಯಿ ಒತ್ತುತ್ತಾ ಇದ್ಯಾ ಅಂತ ಎಂಡೋಸ್ಕೋಪ್ ಹಾಕಿ ನೋಡ್ತಾರೆ, ಅದಕ್ಕೆ ಹೆದರಿ ತಪ್ಪಿಸ್ಕೋಬೇಡಿ.

ಇನ್ನೊಂದು. ನಮ್ಮ ಕಡೆ ಎಲ್ಲಾ ಕ್ಲಿನಿಕ್ಕಲ್ಲೂ ಆಡಿಯೋಮೆಟ್ರಿ ಇರಲ್ಲ. ಶಿರಸಿಯೋ ಕಾರವಾರವೋ ಹುಬ್ಬಳ್ಳಿಯೋ, ಬಸ್ ಹತ್ತೋ ಮೊದ್ಲು ಫೋನ್ ಮಾಡಿ ಇವತ್ತು ಕಿವಿ ಟೆಸ್ಟ್ ಮಾಡ್ತೀರಾ ಅಂತ ಕೇಳಿ. ಬರೀ ಟಾರ್ಚ್ ಹಾಕಿ ನೋಡಿದ್ರೆ ನನ್ನ ಕಿವೀನೂ ಚೆನ್ನಾಗೇ ಇತ್ತು.