ತಾತನ 78 ಆರ್‌ಪಿಎಂ ಪ್ಲೇಟುಗಳು, ಸ್ಪೂಲ್ ಟೇಪುಗಳು: ನಾವೇ ಡಿಜಿಟಲ್ ಮಾಡಬಹುದಾ?

"ತಾತನ ಹತ್ರ ಇದ್ದ ರಂಗಗೀತೆಯ, ನಿಮಿಷಕ್ಕೆ 78 ಸುತ್ತು ತಿರುಗೋ ಗ್ರಾಮಫೋನ್ ಪ್ಲೇಟುಗಳು, ಒಂದಷ್ಟು ಸ್ಪೂಲ್ ಟೇಪುಗಳನ್ನ ಆರ್ಕೈವ್‌ಗೆ ಕೊಡ್ತಾ ಇದೀವಿ. ಅದಕ್ಕೆ ಮುಂಚೆ ನಾವೇ ಡಿಜಿಟಲ್ ಮಾಡಿ ಯೂಟ್ಯೂಬ್‌ಗೆ ಹಾಕಬಹುದಾ?"

ಪ್ಲೇಟುಗಳನ್ನು ಮಾಡಬಹುದು. ಟೇಪುಗಳನ್ನು ಮಾತ್ರ ಮೊದಲು ಮೂಸಿ ನೋಡಿ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅದು ಅಸಿಟೇಟ್ ಟೇಪು, ಹಾಳಾಗೋಕೆ ಶುರುವಾಗಿದೆ. ಅದನ್ನು ಬೇರೆಯವುಗಳಿಂದ ದೂರ ಇಡಿ. ಸುತ್ತು ಬಿಚ್ಚುವಾಗ ಅಂಟಿಕೊಳ್ಳುವ ಟೇಪನ್ನೂ ಓಡಿಸಬೇಡಿ. ಮೇಲಿನ ಪದರ ಕಿತ್ತು ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ಅದರ ಜೊತೆ ಧ್ವನಿಯೂ ಹೋಗುತ್ತದೆ. ಇವೆರಡನ್ನೂ ಹಾಗೇ ಆರ್ಕೈವ್‌ಗೆ ಕೊಡಿ.

ಪ್ಲೇಟು ಒರೆಸೋಕೆ ಸ್ಪಿರಿಟ್ ಬೇಡವೇ ಬೇಡ. ಅದು ಅರಗಿನ ಪ್ಲೇಟು, ಸ್ಪಿರಿಟ್‌ನಲ್ಲಿ ಕರಗುತ್ತದೆ. ಡಿಸ್ಟಿಲ್ಡ್ ವಾಟರ್, ಒಂದು ಹನಿ ಪಾತ್ರೆ ಸೋಪು, ಮೆತ್ತನೆ ಬ್ರಷ್ ಸಾಕು. ಲೇಬಲ್ ನೆನೆಯಬಾರದು. ಮುಳ್ಳು 78ರದ್ದೇ ಆಗಿರಲಿ. ಎಲ್‌ಪಿ ಮುಳ್ಳು ಸಣ್ಣದು, ಗೆರೆಯ ತಳಕ್ಕೆ ಇಳಿದು ಕಸದ ಕರಕರವನ್ನೇ ಜಾಸ್ತಿ ಕೇಳಿಸುತ್ತದೆ. 96 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಮಾಡಿ. ಆ ಮೂಲ ಫೈಲ್‌ನಲ್ಲಿ ಕರಕರ ಸದ್ದು ತೆಗೆಯೋಕೆ ಹೋಗಬೇಡಿ, ಬೇಕಾದರೆ ಅದರ ಪ್ರತಿಯಲ್ಲಿ ತೆಗೆಯಿರಿ.

ಜನ ಹೆಚ್ಚಾಗಿ ಎಡವುವುದು ವಿವರ ಬರೆಯುವಾಗ. ನನ್ನ ಕೈಗೆ ಬಂದಿದ್ದ ಒಂದು ರಂಗಗೀತೆಯ ಪ್ಲೇಟಿನ ಲೇಬಲ್ ಮೇಲೆ ಗಾಯಕರ ಹೆಸರು, ರಾಗ, ಕ್ಯಾಟಲಾಗ್ ನಂಬರು ಇತ್ತು. ವರ್ಷವೂ ಇಲ್ಲ, ವೇಗವೂ ಇಲ್ಲ. 78ರಲ್ಲಿ ಹಾಕಿದರೆ ಷಡ್ಜ ಹಾರ್ಮೋನಿಯಂನ ಬಿಳಿ ನಾಲ್ಕನೇ ಮನೆಗೂ ಕಪ್ಪು ಮೂರನೇ ಮನೆಗೂ ನಡುವೆ ನಿಲ್ಲುತ್ತಿತ್ತು. ಹಾರ್ಮೋನಿಯಂನಲ್ಲಿ ಅಂಥ ಮನೆಯೇ ಇಲ್ಲವಲ್ಲ! 80ಕ್ಕೆ ಏರಿಸಿದಾಗ ಕಪ್ಪು ಮೂರಕ್ಕೆ ಬಂದು ಕೂತಿತು. ಆಗೆಲ್ಲ ಕೆಲವು ಕಂಪನಿಗಳು 80ರಲ್ಲೇ ಮುದ್ರಿಸುತ್ತಿದ್ದವು. ಆದರೂ ಆ ಹಾರ್ಮೋನಿಯಂನ ಶ್ರುತಿಯೇ ಇವತ್ತಿನದಕ್ಕಿಂತ ಬೇರೆ ಇದ್ದಿರಬಹುದು. ಅದಕ್ಕೇ "ವೇಗ: 80, ಹಾರ್ಮೋನಿಯಂ ಶ್ರುತಿಯಿಂದ ಊಹೆ" ಅಂತ ಬರೆದೆ. ಲೇಬಲ್‌ನಲ್ಲಿ ಇದ್ದದ್ದನ್ನು ಕಾಗುಣಿತದ ತಪ್ಪು ಸಮೇತ ಒಂದು ಕಡೆ ಬರೆಯಿರಿ, ನಿಮ್ಮ ಊಹೆಯನ್ನು ಇನ್ನೊಂದು ಕಡೆ. ಲೇಬಲ್ ಸುತ್ತ ಅರಗಿನಲ್ಲೇ ಕೊರೆದ ಮ್ಯಾಟ್ರಿಕ್ಸ್ ನಂಬರನ್ನು ಟಾರ್ಚ್ ಓರೆ ಹಿಡಿದು ಓದಿ. ಮರುಮುದ್ರಣದಲ್ಲಿ ಕ್ಯಾಟಲಾಗ್ ನಂಬರು ಬದಲಾಗಿರಬಹುದು. ಮ್ಯಾಟ್ರಿಕ್ಸ್ ನಂಬರು ಆ ಧ್ವನಿಮುದ್ರಣದ್ದೇ ನಂಬರು.

ಯೂಟ್ಯೂಬ್ ವಿಷಯ: ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1963ರ ಪ್ಲೇಟಿನ ಹಕ್ಕು 2023ಕ್ಕೆ ಮುಗಿಯಿತು. ಆದರೆ ಹಾಡು ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಗಾಗಿ ಪ್ಲೇಟು ಹಳೆಯದಾದರೂ ಹಾಡಿನ ಹಕ್ಕು ಉಳಿದಿರಬಹುದು. ಮನೆಯಲ್ಲಿ ಮಾಡಿದ ಟೇಪಾದರೆ ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ ಕೇಳಿ. ಹಾಡಿನ ನಡುವೆ ಮನೆಯವರ ಮಾತುಕತೆ ಸೇರಿಕೊಂಡಿದ್ದರೆ ಆ ಭಾಗವನ್ನು ಆರ್ಕೈವ್‌ನಲ್ಲೇ ಕೂತು ಕೇಳುವಂತೆ ಮಾತ್ರ ಇಡಿ ಅಂತ, ಕೊಡುವಾಗಲೇ ಪತ್ರದಲ್ಲಿ ಬರೆಸಿ.