ಒಂದೇ ರೇಟಿಂಗ್, ಎರಡು ಬಗೆಯ ಹೆಚ್ಚಳ

ಓದುಗರ ಪತ್ರ: "ಸಿಬ್ಬಂದಿ ಸಭೆಯಲ್ಲಿ ನಮ್ಮ ಎಚ್‌ಆರ್ ಮುಖ್ಯಸ್ಥರು ಅಪ್ರೈಸಲ್ ಕುರಿತು ಮಾತನಾಡಿ, ಕೆಲಸ ನೋಡಿಯೇ ಸಂಬಳ ಏರಿಸುತ್ತೇವೆ ಎಂದರು. ನನಗೂ ಪಕ್ಕದ ಸಹೋದ್ಯೋಗಿಗೂ ಬಂದದ್ದು ಒಂದೇ ರೇಟಿಂಗ್. ಆದರೆ ನನಗೆ ಶೇ 6, ಅವರಿಗೆ ಶೇ 11. ಇದು ಅನ್ಯಾಯವಲ್ಲವೇ? ಭಾಷಣದ ಟಿಪ್ಪಣಿ ಜೊತೆಗಿದೆ."
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ಟಿಪ್ಪಣಿಯನ್ನು ಎರಡು ಸಲ ಓದಿದೆ. ಏಪ್ರಿಲ್‌ನಲ್ಲಿ ಗುರಿ ನಿಗದಿ, ಅಕ್ಟೋಬರ್‌ನಲ್ಲಿ ಮಧ್ಯಾವಧಿ ಪರಿಶೀಲನೆ, ಮಾರ್ಚ್‌ನಲ್ಲಿ ಸ್ವಮೌಲ್ಯಮಾಪನ ಎಂಬ ಕ್ರಮವನ್ನು ಅವರು ವಿವರವಾಗಿಯೇ ಹೇಳಿದ್ದಾರೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಅವರು ಒಂದೇ ವಾಕ್ಯದಲ್ಲಿ ದಾಟಿಹೋದ ಕಡೆ: "ಬ್ಯಾಂಡಿನಲ್ಲಿ ನೀವು ಎಲ್ಲಿದ್ದೀರಿ ಎಂಬುದನ್ನೂ ನೋಡುತ್ತೇವೆ."

ಪ್ರತಿ ಹುದ್ದೆಗೂ ಕಂಪನಿ ಒಂದು ಸಂಬಳದ ಬ್ಯಾಂಡ್, ಅಂದರೆ ಕನಿಷ್ಠದಿಂದ ಗರಿಷ್ಠದವರೆಗಿನ ಸಂಬಳದ ವ್ಯಾಪ್ತಿ, ಇಟ್ಟುಕೊಂಡಿರುತ್ತದೆ. ಅದರ ನಡುಬಿಂದುವೇ ಆ ಕೆಲಸಕ್ಕೆ ಕೊಡಬೇಕಾದ ಸಂಬಳವೆಂದು ಅದರ ಎಣಿಕೆ. ನಡುಬಿಂದು ತಿಂಗಳಿಗೆ 60,000 ರೂಪಾಯಿ, ನಿಮ್ಮ ಸಂಬಳ 72,000, ಸಹೋದ್ಯೋಗಿಯದು 48,000 ಎಂದುಕೊಳ್ಳೋಣ. ಶೇ 6ರಂತೆ ನಿಮಗೆ 4,320 ರೂಪಾಯಿ ಏರುತ್ತದೆ, ಶೇ 11ರಂತೆ ಅವರಿಗೆ 5,280. ಇಬ್ಬರ ನಡುವೆ ಇದ್ದ 24,000ದ ಅಂತರ 23,040ಕ್ಕೆ ಇಳಿಯುತ್ತದೆ. ಇಬ್ಬರಿಗೂ ಶೇ 8 ಕೊಟ್ಟಿದ್ದರೆ ಅದೇ ಅಂತರ 25,920ಕ್ಕೆ ಏರುತ್ತಿತ್ತು. ಒಂದೇ ಕೆಲಸವನ್ನು ಒಂದೇ ಮಟ್ಟದಲ್ಲಿ ಮಾಡುವ ಇಬ್ಬರ ಸಂಬಳ ಹೀಗೆ ದೂರವಾಗುತ್ತ ಹೋಗಬಾರದೆಂದೇ, ನಡುಬಿಂದುವಿಗಿಂತ ಕೆಳಗಿರುವವರಿಗೆ ಹೆಚ್ಚು ಶೇಕಡಾವಾರು ಕೊಡುತ್ತಾರೆ. ನಿಮಗೆ ಬೇಸರವಾದರೂ, ಇದು ಸರಿಯಾದ ಪದ್ಧತಿ ಎಂದೇ ನನ್ನ ಅಭಿಪ್ರಾಯ.

ಭಾಷಣದಲ್ಲಿ ಬರಬೇಕಿದ್ದು ಬಾರದೆ ಹೋದ ಸಂಗತಿಯೊಂದಿದೆ. ಹೆಚ್ಚಳಕ್ಕೆ ಮೀಸಲಿಡುವ ಹಣ ಸಾಮಾನ್ಯವಾಗಿ ರೇಟಿಂಗ್‌ಗೆ ಮೊದಲೇ ನಿಗದಿಯಾಗಿರುತ್ತದೆ. ತಿಂಗಳ ಸಂಬಳದ ಒಟ್ಟು ಮೊತ್ತ 60 ಲಕ್ಷವಿದ್ದು ಶೇ 8 ಮಂಜೂರಾಗಿದ್ದರೆ, ಹಂಚುವುದಕ್ಕೆ ಇರುವುದು 4.8 ಲಕ್ಷ ಮಾತ್ರ. ಎಲ್ಲ ಮ್ಯಾನೇಜರುಗಳೂ ಧಾರಾಳವಾಗಿ ಅಂಕ ಕೊಟ್ಟರೆ ಹಣ ಸಾಲದಾಗುವುದರಿಂದ, ವಿಭಾಗದ ಮುಖ್ಯಸ್ಥರು ಒಟ್ಟಿಗೆ ಕುಳಿತು ರೇಟಿಂಗ್‌ಗಳನ್ನು ಹೋಲಿಸಿ, ಕೆಲವನ್ನು ಇಳಿಸುತ್ತಾರೆ. ಮ್ಯಾನೇಜರ್ ಬರೆದ ಮೆಚ್ಚುಗೆಗೂ ಅಂತಿಮ ರೇಟಿಂಗ್‌ಗೂ ತಾಳೆಯಾಗದಿದ್ದರೆ ಅದು ಇಳಿದದ್ದು ಆ ಸಭೆಯಲ್ಲಿ ಇರಬಹುದು. ಕಾರಣ ಕೇಳುವುದು ನ್ಯಾಯವೇ.

ಈ ಲೆಕ್ಕ ನ್ಯಾಯವಾಗಿರಬೇಕಾದರೆ ನಡುಬಿಂದು ಮಾರುಕಟ್ಟೆಗೆ ಹೊಂದಿರಬೇಕು. ಬ್ಯಾಂಡನ್ನು ವರ್ಷಗಟ್ಟಲೆ ಪರಿಷ್ಕರಿಸದೆ ಬಿಟ್ಟರೆ, ಹೊರಗೆ ಸಾಮಾನ್ಯವೆನಿಸುವ ಸಂಬಳವೇ ಒಳಗೆ "ಹೆಚ್ಚು" ಎಂದು ಕಾಣುತ್ತದೆ, ಹಳೆಯ ನೌಕರರು ವರ್ಷವರ್ಷವೂ ಕಡಿಮೆ ಹೆಚ್ಚಳ ಪಡೆಯುತ್ತಾರೆ. ಆದ್ದರಿಂದ ಸಹೋದ್ಯೋಗಿಯ ಶೇಕಡಾವಾರನ್ನು ಮುಂದಿಟ್ಟು ವಾದಿಸಬೇಡಿ. ನಿಮ್ಮ ಬ್ಯಾಂಡಿನ ನಡುಬಿಂದು ಎಷ್ಟು, ಅದನ್ನು ಕೊನೆಯದಾಗಿ ಪರಿಷ್ಕರಿಸಿದ್ದು ಯಾವಾಗ ಎಂದು ಎಚ್‌ಆರ್ ವಿಭಾಗಕ್ಕೆ ಬರೆದು ಕೇಳಿ. ಪರಿಷ್ಕರಣೆ ಇತ್ತೀಚೆಗೆ ಆಗಿದ್ದು, ನೀವು ನಿಜಕ್ಕೂ ಬ್ಯಾಂಡಿನ ಮೇಲ್ತುದಿಯಲ್ಲಿದ್ದರೆ, ಮುಂದಿನ ಮಾತುಕತೆ ಹೆಚ್ಚಳದ ಬಗ್ಗೆ ಅಲ್ಲ, ಬಡ್ತಿಯ ಬಗ್ಗೆ ಆಗಬೇಕು. ಅದನ್ನು ಏಪ್ರಿಲ್‌ನ ಗುರಿ ನಿಗದಿಯ ಹೊತ್ತಿಗೇ ಮ್ಯಾನೇಜರರ ಮುಂದೆ ಇಡಿ.